‘ಆದಷ್ಟು ಬೇಗ’ ಎಂದರೆ ಎಷ್ಟು ಗಂಟೆಗೆ?

ನಮ್ಮ ಗಡಿನಾಡಿನ ಯಾವ ಮನೆಯ ಲಗ್ನಪತ್ರಿಕೆಯನ್ನಾದರೂ ಕೈಗೆತ್ತಿಕೊಂಡು ನೋಡಬಹುದು. ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ದಿನಾಂಕ ಇವೆಲ್ಲ ಮುಗಿದ ಮೇಲೆ ‘ಬೆಳಿಗ್ಗೆ 7-30 ರಿಂದ 9-00 ಗಂಟೆಯವರೆಗೆ ಸಲ್ಲುವ ಶುಭಲಗ್ನದಲ್ಲಿ’ ಎಂಬ ಸಾಲು ಇದ್ದೇ ಇರುತ್ತದೆ. ತಳಿಯ ಮನೆಯಾಗಲಿ, ಹೊಸೂರಿನ ಮನೆಯಾಗಲಿ, ‘ಮುಂದಿನ ವಾರ ಯಾವಾಗಲಾದರೂ ಮದುವೆ, ಆದಷ್ಟು ಬೇಗ ಬನ್ನಿರಿ’ ಎಂದು ಯಾರೂ ಅಚ್ಚು ಹಾಕಿಸುವುದಿಲ್ಲ. ಕಾಲವನ್ನು ನಿಖರವಾಗಿ ಹೇಳುವ ಅಭ್ಯಾಸ ನಮ್ಮವರಿಗೆ ಹೊಸದಲ್ಲ. ಹಾಗಿದ್ದೂ ಶಾಲೆಗೂ ಮನೆಗೂ ನಡುವೆ ಓಡಾಡುವ ಚೀಟಿಗಳಲ್ಲಿ, ಮೊಬೈಲಿನ ಸಂದೇಶಗಳಲ್ಲಿ ಆ ನಿಖರತೆ ಮಾಯವಾಗಿಬಿಡುತ್ತದೆ. ಅಲ್ಲಿ ಕಾಣುವುದು ‘ಬೇಗ’, ‘ಶೀಘ್ರದಲ್ಲಿ’, ‘ಕೂಡಲೇ’, ‘ಇಂದು ಸಂಜೆಯೊಳಗೆ’, ‘ಒಂದೆರಡು ದಿನದಲ್ಲಿ’. ಕಾರ್ಖಾನೆಯ ಮೊಬೈಲುಗಳಲ್ಲಿ ಇವೇ ಮಾತುಗಳು ‘ಎಎಸ್‌ಎಪಿ’ ಎಂದೂ ‘ಇಒಡಿ’ ಎಂದೂ ಇಂಗ್ಲಿಷ್ ಅಕ್ಷರಗಳ ವೇಷ ತೊಟ್ಟು ಬರುತ್ತವೆ. ಮೊದಲನೆಯದು ‘ಸಾಧ್ಯವಾದಷ್ಟು ಬೇಗ’ ಎಂಬುದರ, ಎರಡನೆಯದು ‘ದಿನದ ಕೊನೆಯೊಳಗೆ’ ಎಂಬುದರ ಹ್ರಸ್ವರೂಪ.

ಈ ಮಾತುಗಳಲ್ಲಿ ಅವಸರ ಇದೆ, ಸಮಯ ಇಲ್ಲ. ಬರೆದವರ ಮನಸ್ಸಿನಲ್ಲಿ ಒಂದು ಗಂಟೆ ಇರುತ್ತದೆ. ಓದಿದವರು ತಮ್ಮ ದಿನಚರಿಗೆ ಹೊಂದುವ ಇನ್ನೊಂದು ಗಂಟೆಯನ್ನು ಊಹಿಸಿಕೊಳ್ಳುತ್ತಾರೆ. ಎರಡೂ ಒಂದೇ ಆಗಿದ್ದರೆ ಅದು ಅದೃಷ್ಟ.

‘ಇಂದು ಸಂಜೆಯೊಳಗೆ’ ಎಂಬ ಸರಳ ಮಾತನ್ನೇ ತೆಗೆದುಕೊಳ್ಳೋಣ. ಶಿಕ್ಷಕರಿಗೆ ಸಂಜೆಯೆಂದರೆ ಶಾಲೆಯ ಕೊನೆಯ ಗಂಟೆ ಬಾರಿಸುವ ಹೊತ್ತು. ಅದಾದ ಮೇಲೆ ಕಚೇರಿಯ ಬೀಗ ಬೀಳುತ್ತದೆ. ಗುಲಾಬಿ ತೋಟದಲ್ಲಿ ದುಡಿಯುವ ತಾಯಿಗೆ ಸಂಜೆಯೆಂದರೆ ಕೆಲಸ ಮುಗಿಸಿ, ಬಸ್ಸು ಹಿಡಿದು, ಮನೆಯಲ್ಲಿ ದೀಪ ಹಚ್ಚುವ ಹೊತ್ತು. ಹೊಸೂರಿನ ಸಿಪ್ಕಾಟ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವ ತಂದೆಗೆ ಅದು ನಿದ್ದೆಯಿಂದ ಎದ್ದು ದಿನ ಆರಂಭಿಸುವ ಹೊತ್ತು. ಮೂವರೂ ಪ್ರಾಮಾಣಿಕರೇ, ಮೂವರೂ ಮಗುವಿನ ಹಿತ ಬಯಸುವವರೇ. ಆದರೂ ಶಾಲೆಯ ಬಾಗಿಲ ಮುಂದೆ ಆರೂವರೆಗೆ ಕಾಗದ ಹಿಡಿದು ನಿಂತ ತಾಯಿಯ ಪಾಲಿಗೆ ಆ ಪ್ರಾಮಾಣಿಕತೆಯಿಂದ ಯಾವ ಪ್ರಯೋಜನವೂ ಆಗುವುದಿಲ್ಲ.

ಕಾನೂನು ಸಹ ಈ ತೊಡಕನ್ನು ಬಹಳ ಹಿಂದೆಯೇ ಕಂಡಿದೆ. 1872ರ ಭಾರತೀಯ ಕರಾರು ಅಧಿನಿಯಮದ 46ನೆಯ ಪ್ರಕರಣವು, ಕರಾರಿನಲ್ಲಿ ಸಮಯವನ್ನು ಹೇಳದಿದ್ದರೆ ಕೆಲಸವು ‘ಯುಕ್ತ ಕಾಲ’ದೊಳಗೆ ಆಗಬೇಕು ಎನ್ನುತ್ತದೆ. ಯುಕ್ತ ಕಾಲವೆಂದರೆ ಎಷ್ಟು ಎಂಬುದು ಆಯಾ ಸಂದರ್ಭದ ಸಂಗತಿಗಳನ್ನು ನೋಡಿ ತೀರ್ಮಾನಿಸಬೇಕಾದ ಪ್ರಶ್ನೆ ಎಂದೂ ಸೇರಿಸುತ್ತದೆ. ಮುಂದಿನ 47ನೆಯ ಪ್ರಕರಣದಲ್ಲಿ ಒಂದು ಪುಟ್ಟ ಉದಾಹರಣೆ ಇದೆ. ಒಬ್ಬನು ಇನ್ನೊಬ್ಬನ ಉಗ್ರಾಣಕ್ಕೆ ಜನವರಿ 1ರಂದು ಸರಕು ತಲುಪಿಸುವುದಾಗಿ ಮಾತು ಕೊಡುತ್ತಾನೆ. ಅದೇ ದಿನ ಸರಕನ್ನು ತರುತ್ತಾನೆ, ಆದರೆ ಉಗ್ರಾಣ ಮುಚ್ಚುವ ವಾಡಿಕೆಯ ಹೊತ್ತು ಮೀರಿದ ಮೇಲೆ. ಸರಕನ್ನು ಯಾರೂ ಸ್ವೀಕರಿಸುವುದಿಲ್ಲ. ಅವನು ಮಾತು ನಡೆಸಿಕೊಟ್ಟಂತಾಗಲಿಲ್ಲ ಎನ್ನುತ್ತದೆ ಅಧಿನಿಯಮ. ದಿನಾಂಕ ಸರಿಯಿದ್ದೂ ಗಂಟೆ ತಪ್ಪಿದರೆ ಕೆಲಸ ಕೆಟ್ಟಿತು. ಆರೂವರೆಗೆ ಬಂದ ತಾಯಿಯ ಸ್ಥಿತಿಯೂ ಅದೇ. ಆಕೆಯ ಕೈಗೆ ಗಂಟೆಯನ್ನು ಯಾರೂ ಬರೆದುಕೊಟ್ಟಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಒಂದು ಸಂದೇಶವನ್ನು ಆರಂಭದಿಂದ ಕೊನೆಯವರೆಗೆ ತಿದ್ದಿ ನೋಡಿದರೆ ವಿಷಯ ಸ್ಪಷ್ಟವಾದೀತು. ಎನ್.ಎಂ.ಎಂ.ಎಸ್. ಎಂದು ಶಾಲೆಗಳಲ್ಲಿ ಕರೆಯುವ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನವು ನಮ್ಮ ಓದುಗರಿಗೆ ಪರಿಚಿತ. ಎಂಟನೆಯ ತರಗತಿಯಲ್ಲಿ ಪರೀಕ್ಷೆ ಬರೆದು ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ನಾಲ್ಕು ವರ್ಷಕ್ಕೆ 48,000. ಆದರೆ ಪರೀಕ್ಷೆಯಲ್ಲಿ ಆಯ್ಕೆಯಾದರೆ ಸಾಲದು. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಅರ್ಜಿ ಸಲ್ಲಿಸಬೇಕು, ಪ್ರತಿ ವರ್ಷವೂ ನವೀಕರಿಸಬೇಕು. ವಿದ್ಯಾರ್ಥಿಯ ಅರ್ಜಿಗೆ ಒಂದು ಕೊನೆಯ ದಿನ, ಶಾಲೆಯವರ ಪರಿಶೀಲನೆಗೆ ಇನ್ನೊಂದು, ಅದರ ಮೇಲಿನ ಹಂತಕ್ಕೆ ಮತ್ತೊಂದು ದಿನ ಗೊತ್ತಾಗಿರುತ್ತದೆ. ಮೊದಲ ಬಾಗಿಲು ಮುಚ್ಚಿದರೆ ಉಳಿದ ಬಾಗಿಲುಗಳು ತೆರೆದಿದ್ದರೂ ಉಪಯೋಗವಿಲ್ಲ. ಬಡ ಮನೆಯ ಮಗು ತಾನಾಗಿ ಓದಿ ಗೆದ್ದ ಹಣವು ಒಂದು ಮಸುಕು ಮಾತಿನಿಂದ ಕೈತಪ್ಪುವುದೆಂದರೆ ಸಣ್ಣ ನಷ್ಟವಲ್ಲ.

ಅಂಥ ಮಗುವಿನ ಮನೆಗೆ ಶಾಲೆಯಿಂದ ರಾತ್ರಿ 9-40ಕ್ಕೆ ಹೀಗೊಂದು ಸಂದೇಶ ಬಂದಿತೆಂದು ಇಟ್ಟುಕೊಳ್ಳೋಣ. ಇದು ಕಲ್ಪಿತ ಸಂದೇಶ, ಇಲ್ಲಿಯ ದಿನಾಂಕಗಳು ಉದಾಹರಣೆಗಾಗಿ ಮಾತ್ರ. ಆದರೆ ಇದರ ಧಾಟಿಯನ್ನು ಗುರುತಿಸದ ಪೋಷಕರು ಇರಲಾರರು.

‘ಪೋಷಕರ ಗಮನಕ್ಕೆ: ವಿದ್ಯಾರ್ಥಿವೇತನದ ಅರ್ಜಿಗೆ ಆದಾಯ ಪ್ರಮಾಣಪತ್ರ ಬೇಕಾಗಿದೆ. ಆದಷ್ಟು ಬೇಗ ತಂದುಕೊಡಿ. ತುಂಬಾ ತುರ್ತು. ನಾಳೆಯೇ ಕೆಲಸ ಶುರು ಮಾಡಿ.’

ಇದರಲ್ಲಿ ಮೊದಲು ಕೆಡುವ ಪದ ‘ನಾಳೆ’. ತಂದೆ ರಾತ್ರಿ ಪಾಳಿಯಲ್ಲಿದ್ದು ಮರುದಿನ ಬೆಳಿಗ್ಗೆ ಏಳಕ್ಕೆ ಮೊಬೈಲು ತೆರೆದರೆ, ಬರೆದವರ ‘ನಾಳೆ’ ಆಗಲೇ ‘ಇಂದು’ ಆಗಿರುತ್ತದೆ. ಆದರೆ ಅಕ್ಷರಗಳು ಬದಲಾಗಿಲ್ಲವಲ್ಲ, ಓದುವವನು ಅದನ್ನು ತನ್ನ ನಾಳೆ ಎಂದೇ ತಿಳಿಯುವುದು ಸಹಜ. ಸಂದೇಶದ ಮೂಲೆಯಲ್ಲಿ ಕಳಿಸಿದ ಹೊತ್ತು ಇರುತ್ತದೆ, ಅದನ್ನು ನೋಡಿಕೊಳ್ಳಬಹುದಿತ್ತು ಎಂದು ಹೇಳುವವರಿದ್ದಾರೆ. ಅದೇ ಸಂದೇಶವನ್ನು ನೆರೆಮನೆಯವರು ಮರುದಿನ ಮುಂದೂಡಿ ಕಳಿಸಿದಾಗ ಮೂಲೆಯಲ್ಲಿ ಕಾಣುವುದು ಅವರು ಕಳಿಸಿದ ಹೊತ್ತೇ ಹೊರತು ಶಿಕ್ಷಕರು ಬರೆದ ಹೊತ್ತಲ್ಲ. ಹೀಗೆ ಕೈಯಿಂದ ಕೈಗೆ ಹೋದಂತೆಲ್ಲ ‘ನಾಳೆ’ ಎಂಬುದು ಒಂದೊಂದು ದಿನ ಮುಂದಕ್ಕೆ ಸರಿಯುತ್ತದೆ. ‘ಇಂದು’, ‘ನಾಳೆ’, ‘ನಾಡಿದ್ದು’, ‘ಇನ್ನೆರಡು ದಿನದಲ್ಲಿ’ ಇವು ಎದುರುಬದುರು ಕುಳಿತು ಆಡುವ ಮಾತಿಗೆ ಹುಟ್ಟಿದ ಪದಗಳು. ಅಲ್ಲಿ ಹೇಳುವವನ ಇಂದು ಕೇಳುವವನ ಇಂದೂ ಹೌದು. ಬರಹಕ್ಕೆ ಬಂದಾಗ ಅವುಗಳ ಪಕ್ಕದಲ್ಲಿ ವಾರವೂ ದಿನಾಂಕವೂ ನಿಲ್ಲಲೇಬೇಕು.

ವಾರ, ದಿನಾಂಕ ಎರಡೂ ಏಕೆ ಎಂಬ ಪ್ರಶ್ನೆ ಏಳಬಹುದು. ಒಂದು ಇನ್ನೊಂದಕ್ಕೆ ಕಾವಲು. ‘27, ಸೋಮವಾರ’ ಎಂದು ಬರೆಯುವಾಗ ಬೆರಳು ಜಾರಿ ‘28, ಸೋಮವಾರ’ ಎಂದಾದರೆ, ಕ್ಯಾಲೆಂಡರ್ ನೋಡಿದ ಯಾರಾದರೂ ತಪ್ಪನ್ನು ಹಿಡಿದು ಕೇಳುತ್ತಾರೆ. ಬರಿಯ 28 ಎಂದಿದ್ದರೆ ಆ ತಪ್ಪು ಯಾರ ಕಣ್ಣಿಗೂ ಬೀಳದೆ ದಾಟಿಹೋಗುತ್ತದೆ.

ಇನ್ನು ‘ಆದಷ್ಟು ಬೇಗ’. ಇದನ್ನು ಬದಲಿಸುವ ಮುನ್ನ ಬರೆದವರು ತಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕಾಗುತ್ತದೆ: ಈ ಕಾಗದ ನನ್ನ ಕೈಯಲ್ಲಿ ಇಲ್ಲದೆ ನನ್ನ ಕೆಲಸ ನಿಲ್ಲುವುದು ಯಾವ ಗಂಟೆಗೆ? ಉತ್ತರ ಸಿಗುವುದು ಕೊನೆಯ ದಿನದಿಂದ ಹಿಂದಕ್ಕೆ ನಡೆದಾಗ. ಪೋರ್ಟಲಿನ ಕೊನೆಯ ದಿನ ಅಕ್ಟೋಬರ್ 31, ಶುಕ್ರವಾರ ಎಂದಿರಲಿ. ಕೊನೆಯ ದಿನ ಎಲ್ಲರೂ ಒಮ್ಮೆಲೇ ನುಗ್ಗುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಹಿಂದಿನ ದಿನ, 30ನ್ನು, ವಿದ್ಯುತ್ತು ಹೋದರೆ, ಜಾಲ ಕೈಕೊಟ್ಟರೆ ಇರಲಿ ಎಂದು ಬಿಡಬೇಕು. ಅರ್ಜಿ ತುಂಬುವ ಕೆಲಸ 28 ಮತ್ತು 29ರಂದು. ಕಾಗದಗಳಲ್ಲಿ ಹೆಸರು, ಕಾಗುಣಿತ ಸರಿಹೊಂದುತ್ತವೆಯೇ ಎಂದು ನೋಡಲು ಒಂದು ದಿನ. ಹಾಗಾದರೆ ಪ್ರಮಾಣಪತ್ರವು ಅಕ್ಟೋಬರ್ 27, ಸೋಮವಾರ ಬೆಳಿಗ್ಗೆ ಶಾಲೆ ತೆರೆದಾಗ ಶಿಕ್ಷಕರ ಮೇಜಿನ ಮೇಲಿರಬೇಕು.

ಇಲ್ಲಿಗೇ ನಿಂತರೆ ಅರ್ಧ ಕೆಲಸವಷ್ಟೇ ಆಗುತ್ತದೆ. ಆದಾಯ ಪ್ರಮಾಣಪತ್ರವು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ತಮಿಳುನಾಡಿನಲ್ಲಿ ಅದಕ್ಕೆ ಇ-ಸೇವೆ ಕೇಂದ್ರದಲ್ಲಿ ಅರ್ಜಿ ಹಾಕಬೇಕು. ಅರ್ಜಿಯು ಗ್ರಾಮ ಆಡಳಿತಾಧಿಕಾರಿ ಮತ್ತು ಕಂದಾಯ ನಿರೀಕ್ಷಕರ ಪರಿಶೀಲನೆಯನ್ನು ದಾಟಿ ತಾಲ್ಲೂಕು ಕಚೇರಿಗೆ ಹೋಗುತ್ತದೆ. ತಳಿಯ ಮಟ್ಟಿಗೆ ಅದು ಡೆಂಕಣಿಕೋಟೆ. ಈ ದಾರಿಗೆ ಎರಡು ವಾರವನ್ನು ಹಿಡಿದು, ನಡುವೆ ದೀಪಾವಳಿಯ ರಜೆ ಬರುವುದನ್ನೂ ಸೇರಿಸಿದರೆ, ಅರ್ಜಿಯನ್ನು ಅಕ್ಟೋಬರ್ 10, ಶುಕ್ರವಾರದಂದೇ ಹಾಕಿರಬೇಕಾಗುತ್ತದೆ. ಅಂದರೆ ‘ಆದಷ್ಟು ಬೇಗ’ ಎಂಬ ಒಂದು ಮಾತಿನ ಹೊಟ್ಟೆಯಲ್ಲಿ ಎರಡು ಗಡುವುಗಳು ಅಡಗಿದ್ದವು: ಕೆಲಸ ಆರಂಭಿಸಬೇಕಾದ ದಿನ ಒಂದು, ಕಾಗದ ಒಪ್ಪಿಸಬೇಕಾದ ದಿನ ಇನ್ನೊಂದು. ಮನೆಯವರಿಗೆ ನಿಜವಾಗಿ ಅಗತ್ಯವಿದ್ದುದು ಮೊದಲನೆಯದು. 27 ಎಂದು ಮಾತ್ರ ತಿಳಿಸಿದ್ದರೆ 24ರ ಶುಕ್ರವಾರ ಇ-ಸೇವೆ ಕೇಂದ್ರಕ್ಕೆ ಹೋಗಿ, ತಾವು ಮೂರು ದಿನ ಮೊದಲೇ ಹೊರಟೆವೆಂದು ಸಮಾಧಾನಪಟ್ಟುಕೊಳ್ಳುವವರೂ ಇರುತ್ತಿದ್ದರು.

ತಿದ್ದಿದ ಸಂದೇಶ ಹೀಗಾಗುತ್ತದೆ:

‘ಪೋಷಕರಿಗೆ ನಮಸ್ಕಾರ. ಎನ್.ಎಂ.ಎಂ.ಎಸ್. ವಿದ್ಯಾರ್ಥಿವೇತನಕ್ಕೆ ಆದಾಯ ಪ್ರಮಾಣಪತ್ರ ಬೇಕು.
ಇ-ಸೇವೆ ಕೇಂದ್ರದಲ್ಲಿ ಅರ್ಜಿ ಹಾಕಬೇಕಾದ ದಿನ: ಅಕ್ಟೋಬರ್ 10, ಶುಕ್ರವಾರ, ಸಂಜೆ 4 ಗಂಟೆಗೆ ಮೊದಲು.
ಪ್ರಮಾಣಪತ್ರವನ್ನು ಶಾಲೆಯ ಕಚೇರಿಗೆ ಕೊಡಬೇಕಾದ ದಿನ: ಅಕ್ಟೋಬರ್ 27, ಸೋಮವಾರ, ಬೆಳಿಗ್ಗೆ 9-30 ರಿಂದ 10-30.
ಪೋರ್ಟಲು ಮುಚ್ಚುವುದು ಅಕ್ಟೋಬರ್ 31ರಂದು. ಅನಂತರ ಅರ್ಜಿ ಹಾಕಲಾಗದು.
24ರ ಮಧ್ಯಾಹ್ನದವರೆಗೂ ಪ್ರಮಾಣಪತ್ರ ಬಾರದಿದ್ದರೆ ಅಂದು 3 ಗಂಟೆಗೆ ಮೊದಲು ತರಗತಿ ಶಿಕ್ಷಕರಿಗೆ ಫೋನ್ ಮಾಡಿರಿ.’

ಸಂದೇಶ ಉದ್ದವಾಯಿತು, ನಿಜ. ‘ತುಂಬಾ ತುರ್ತು’ ಎಂಬುದು ಮಾತ್ರ ಬಿದ್ದುಹೋಗಿದೆ, ಯಾರಿಗೂ ಅದು ಬೇಕೆನಿಸುವುದಿಲ್ಲ. ಕೊನೆಯ ಸಾಲನ್ನು ಹಲವರು ಬಿಟ್ಟುಬಿಡುತ್ತಾರೆ, ಆದರೆ ಕೆಲಸ ಕೆಡುವ ಜಾಗ ಅದೇ. ತಡವಾಗುವವರಿಗೆ ತಡವಾಗುತ್ತಿದೆ ಎಂದು ಹೇಳಲೂ ಒಂದು ಗಂಟೆಯನ್ನು ಗೊತ್ತುಮಾಡಿದರೆ, ಶಿಕ್ಷಕರಿಗೆ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಲು ಇನ್ನೂ ಸಮಯ ಉಳಿದಿರುತ್ತದೆ. ಇಲ್ಲವಾದರೆ ಸಂಕೋಚಪಡುವ ಪೋಷಕರು ಕಾಗದ ಬರಲೆಂದು ಸುಮ್ಮನೆ ಕಾಯುತ್ತಾರೆ. ಅವರ ಮೌನವನ್ನು ಶಾಲೆಯವರು ಉದಾಸೀನವೆಂದು ತಿಳಿಯುತ್ತಾರೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಸಂದೇಶದಲ್ಲಿ ಶಾಲೆಯು ಹಾಕಿಕೊಂಡ ಗಡುವು 27, ಸರ್ಕಾರದ ಗಡುವು 31 ಎಂದು ಬಿಚ್ಚಿ ಹೇಳಿದೆ. ಕೆಲವರು ‘31 ಎಂದರೆ ಯಾರೂ ಬರುವುದಿಲ್ಲ, 20ಕ್ಕೇ ಮುಗಿಯಿತೆಂದು ಹೆದರಿಸೋಣ’ ಎನ್ನುತ್ತಾರೆ. ಒಂದು ಸಲ ಇದು ಫಲಿಸುತ್ತದೆ. 20 ಕಳೆದು ಬಂದವರ ಕಾಗದವನ್ನೂ ತೆಗೆದುಕೊಂಡರೆಂಬ ಸುದ್ದಿ ಹಬ್ಬಿದ ಮೇಲೆ, ಮುಂದಿನ ವರ್ಷದ ನಿಜವಾದ ಗಡುವನ್ನೂ ಯಾರೂ ನಂಬುವುದಿಲ್ಲ.

ನಮ್ಮ ಭಾಷೆಯ ಕೆಲವು ಪದಗಳು ನಿಖರವೆಂದು ತೋರಿದರೂ ನಿಖರವಲ್ಲ. ‘31ರೊಳಗೆ’ ಎಂದಾಗ 31 ಸೇರಿತೇ, ಇಲ್ಲವೇ? ಬಹುಪಾಲು ಜನ ಸೇರಿತೆಂದೇ ಓದುತ್ತಾರೆ. ‘ಒಳಗೆ’ ಎಂದರೆ ಅದಕ್ಕೂ ಮುಂಚೆ ಎಂದು ಭಾವಿಸುವವರೂ ಇದ್ದಾರೆ. ‘31ರ ಸಂಜೆ 4 ಗಂಟೆಗೆ ಮೊದಲು’ ಎಂದರೆ ಜಗಳವಿಲ್ಲ. ‘ಎಂಟು ದಿನದಲ್ಲಿ’ ಎಂಬುದು ನಮ್ಮ ಮಾತಿನಲ್ಲಿ ಒಂದು ವಾರ. ಸೋಮವಾರದಿಂದ ಸೋಮವಾರಕ್ಕೆ ಎರಡೂ ಸೋಮವಾರಗಳನ್ನು ಎಣಿಸುವ ವಾಡಿಕೆ ಅದು. ಹದಿನೈದು ದಿನವೆಂದರೆ ಎರಡು ವಾರ. ಕಚೇರಿಯ ಲೆಕ್ಕದಲ್ಲಿ ಎಂಟು ದಿನ ಎಂಟೇ. ‘ಮುಂದಿನ ಶುಕ್ರವಾರ’ವೂ ಇಂಥದೇ: ಮಂಗಳವಾರ ಆ ಮಾತು ಹೇಳಿದರೆ ಒಬ್ಬರಿಗೆ ಅದು ಮೂರು ದಿನದ ಮೇಲೆ, ಇನ್ನೊಬ್ಬರಿಗೆ ಹತ್ತು ದಿನದ ಮೇಲೆ.

ಎಲ್ಲಕ್ಕಿಂತ ಮೋಸ ಮಾಡುವುದು ರಾತ್ರಿ ಹನ್ನೆರಡು. ಪಂಚಾಂಗದ ದಿನ ಸೂರ್ಯೋದಯಕ್ಕೆ ಆರಂಭವಾಗುತ್ತದೆ. ಹಿರಿಯರ ಲೆಕ್ಕದಲ್ಲಿ ಶುಕ್ರವಾರ ರಾತ್ರಿ ಎರಡು ಗಂಟೆ ಇನ್ನೂ ಶುಕ್ರವಾರವೇ. ಗಡಿಯಾರದ, ರೈಲಿನ, ಪೋರ್ಟಲಿನ ಲೆಕ್ಕದಲ್ಲಿ ಆಗಲೇ ಶನಿವಾರ ಹುಟ್ಟಿ ಎರಡು ಗಂಟೆ ಕಳೆದಿದೆ. ‘31ರ ರಾತ್ರಿ 12 ಗಂಟೆ’ ಎಂದು ಬರೆದರೆ 30 ಮುಗಿದು 31 ಹುಟ್ಟುವ ಕ್ಷಣವೋ, 31 ಮುಗಿಯುವ ಕ್ಷಣವೋ ತಿಳಿಯದು. ಈ ಕಾರಣದಿಂದಲೇ ಅಧಿಕೃತ ಪ್ರಕಟಣೆಗಳಲ್ಲಿ ‘ರಾತ್ರಿ 11-59’ ಎಂಬ ವಿಚಿತ್ರ ಸಮಯ ಕಾಣಿಸುವುದು. ನೋಡಲು ಕೃತಕವಾದರೂ ಅದರಲ್ಲಿ ದಿನ ಅದಲುಬದಲಾಗುವ ಭಯವಿಲ್ಲ. ರೈಲಿನ ಚೀಟಿಯಲ್ಲಿ 00-15 ಎಂದಿರುವುದನ್ನು ನೋಡಿ, ಒಂದು ದಿನ ತಡವಾಗಿ ನಿಲ್ದಾಣಕ್ಕೆ ಹೋಗುವ ಪ್ರಯಾಣಿಕರ ಸಂಕಟವೂ ಇದೇ ಬಗೆಯದು.

ಹಾಗೆಂದು ಎಲ್ಲೆಡೆಯೂ ಗಂಟೆಯನ್ನು ತುರುಕುವುದು ವಿವೇಕವಲ್ಲ. ಬೇರೊಬ್ಬರ ಸಂದೇಶವನ್ನು ತಿದ್ದುವವರಿಗೆ ಇದು ಮುಖ್ಯವಾಗಿ ಅನ್ವಯಿಸುತ್ತದೆ. ಮುಖ್ಯೋಪಾಧ್ಯಾಯರು ‘ಬೇಗ’ ಎಂದು ಬರೆದುಕೊಟ್ಟದ್ದನ್ನು ಸಹಾಯಕರು ತಾವಾಗಿಯೇ ‘ನಾಳೆ 10 ಗಂಟೆಗೆ’ ಎಂದು ಮಾಡಿದರೆ ಅದು ತಿದ್ದುಪಡಿಯಲ್ಲ, ಹೊಸ ಆಜ್ಞೆ. ಮಸುಕು ಮಾತನ್ನು ಕಂಡಾಗ ಮಾಡಬೇಕಾದುದು ಬರೆದವರನ್ನು ಕೇಳುವುದು: ‘ಬುಧವಾರ ಮಧ್ಯಾಹ್ನ 3 ಗಂಟೆಯಾದರೆ ಸಾಕೇ, ಅದಕ್ಕೂ ಮೊದಲು ಬೇಕೇ?’ ಹೀಗೆ ಒಂದು ಗಂಟೆಯನ್ನು ಮುಂದಿಟ್ಟು ಕೇಳಿದರೆ ಉತ್ತರ ತಟ್ಟನೆ ಬರುತ್ತದೆ, ‘ಯಾವಾಗ ಬೇಕು?’ ಎಂದು ಕೇಳಿದರೆ ಮತ್ತೆ ‘ಬೇಗ’ ಎಂಬ ಉತ್ತರವೇ ಬರುವ ಸಂಭವ ಹೆಚ್ಚು. ಹೊಸೂರಿನ ಕಾರ್ಖಾನೆಯಲ್ಲಿ ಮೇಲಿನವರಿಂದ ‘ಇಒಡಿ’ ಎಂಬ ಸಂದೇಶ ಪಡೆದವರಿಗೂ ಇದೇ ಉಪಾಯ ಸಲ್ಲುತ್ತದೆ: ‘ಇಂದು ಸಂಜೆ 5-30ಕ್ಕೆ ಕಳಿಸುತ್ತೇನೆ’ ಎಂದು ಮರುಬರೆದರೆ, ಒಪ್ಪಿಗೆಯಿಲ್ಲದವರು ಆಗಲೇ ಹೇಳುತ್ತಾರೆ. ಕೇಳಿದವರು ಲಂಡನ್ನಿನಲ್ಲಿದ್ದರಂತೂ ಅವರ ದಿನ ಮುಗಿಯುವಾಗ ಇಲ್ಲಿ ರಾತ್ರಿಯ ಊಟ ಮುಗಿದಿರುತ್ತದೆ. ಭಾರತೀಯ ಕಾಲಮಾನವೆಂದು ಸೇರಿಸುವುದು ಒಳ್ಳೆಯದು.

ಸಮಯವೇ ಇನ್ನೂ ತೀರ್ಮಾನವಾಗದಿದ್ದಾಗ ಏನು ಮಾಡುವುದು? ಶಾಲಾ ವಾರ್ಷಿಕೋತ್ಸವದ ದಿನ ಗೊತ್ತಾಗಿಲ್ಲ, ಮುಖ್ಯ ಅತಿಥಿಗಳ ಒಪ್ಪಿಗೆ ಬಂದಿಲ್ಲ. ‘ಶೀಘ್ರದಲ್ಲೇ ತಿಳಿಸಲಾಗುವುದು’ ಎಂದು ಬರೆದರೆ ಪೋಷಕರು ದಿನವೂ ಫೋನ್ ಮಾಡುತ್ತಾರೆ. ಸುಳ್ಳು ದಿನಾಂಕ ಬರೆಯುವಂತಿಲ್ಲ. ಆದರೆ ಮುಂದಿನ ಸುದ್ದಿ ಯಾವಾಗ ಎಂಬುದು ಬರೆಯುವವರ ಕೈಯಲ್ಲೇ ಇದೆ: ‘ದಿನಾಂಕ ಇನ್ನೂ ನಿಶ್ಚಯವಾಗಿಲ್ಲ. ನಿಶ್ಚಯವಾದರೂ ಆಗದಿದ್ದರೂ ಡಿಸೆಂಬರ್ 5, ಶುಕ್ರವಾರ ಸಂಜೆ 5 ಗಂಟೆಗೆ ತಿಳಿಸುತ್ತೇವೆ.’ ಆ ಐದು ಗಂಟೆಗೆ ಹೇಳಲು ಏನೂ ಇಲ್ಲದಿದ್ದರೆ, ಏನೂ ಇಲ್ಲ ಎಂದೇ ಬರೆಯಬೇಕಾಗುತ್ತದೆ; ಬಹಳ ಮಂದಿ ಎಡವುವುದು ಅಲ್ಲಿಯೇ. ಇನ್ನು ಮಗುವಿಗೆ ಜ್ವರ ಬಂದಿದೆ, ಬಿದ್ದು ಪೆಟ್ಟಾಗಿದೆ ಎಂಬಂಥ ವೇಳೆಯಲ್ಲಿ ‘ಕೂಡಲೇ’ ಎಂಬುದೇ ಸರಿಯಾದ ಪದ. ಆದರೆ ಆಗ ಬೇಕಾದುದು ಸಂದೇಶವಲ್ಲ, ಫೋನ್ ಕರೆ.

ಮಸುಕು ಮಾತಿನಲ್ಲಿ ಒಂದು ಮರ್ಯಾದೆಯೂ ಇದೆ ಎಂಬುದನ್ನು ಮರೆಯುವಂತಿಲ್ಲ. ಹಿರಿಯರಿಗೆ ‘9-30ಕ್ಕೆ ಬನ್ನಿರಿ’ ಎಂದು ಬರೆಯಲು ಕಿರಿಯ ಶಿಕ್ಷಕಿಗೆ ಅಳುಕು. ‘ಅನುಕೂಲವಾದಾಗ ಬನ್ನಿ’ ಎನ್ನುವುದು ವಿನಯ. ಹೊರಡದೆಯೇ ‘ಬಂದೆ, ಬಂದೆ’ ಎನ್ನುವ ನಮ್ಮ ಮಾತೂ ಅದೇ ಮನೆಯದು. ಕೇಳಿದವರ ಮನಸ್ಸು ನೋಯದಿರಲೆಂದು ಭವಿಷ್ಯತ್ತನ್ನು ಭೂತಕಾಲದಲ್ಲಿ ಹೇಳಿಬಿಡುತ್ತೇವೆ. ವಿನಯವನ್ನು ಗಂಟೆಯಿಂದ ತೆಗೆದು ವಾಕ್ಯದ ಬೇರೆಡೆ ಇಟ್ಟರೆ ಎರಡೂ ಉಳಿಯುತ್ತವೆ: ‘ಅಜ್ಜನವರೇ, ಮೊಮ್ಮಗಳ ಅರ್ಜಿಗೆ ತಮ್ಮ ಸಹಿ ಬೇಕಾಗಿದೆ. ಸೋಮವಾರ 27ರಂದು ಬೆಳಿಗ್ಗೆ 9-30 ರಿಂದ 10-30ರ ನಡುವೆ ಬರಲು ಆಗುವುದೇ? ಆಗದಿದ್ದರೆ ಮಗುವಿನ ಕೈಯಲ್ಲಿ ಕಾಗದವನ್ನು ಮನೆಗೆ ಕಳಿಸುತ್ತೇವೆ.’

ಉತ್ತರ ಕೊಡುವವರಿಗೂ ಅದೇ ರೀತಿ ಅನುಕೂಲ. ‘ಅರ್ಜಿ ಹಾಕಿದ್ದೇವೆ, ಬೇಗ ಬರುತ್ತದಂತೆ’ ಎಂಬ ಉತ್ತರದಿಂದ ಶಿಕ್ಷಕರಿಗೆ ಏನೂ ತಿಳಿಯುವುದಿಲ್ಲ. ‘ಅಕ್ಟೋಬರ್ 9, ಗುರುವಾರ ಮಧ್ಯಾಹ್ನ ಅರ್ಜಿ ಹಾಕಿದೆವು. ಇ-ಸೇವೆಯ ರಶೀದಿಯ ಫೋಟೋ ಇದರೊಂದಿಗಿದೆ. 22ರ ಬುಧವಾರ ಡೆಂಕಣಿಕೋಟೆಗೆ ಹೋಗಿ ವಿಚಾರಿಸಿ, ಅಂದು ಸಂಜೆ 6 ಗಂಟೆಗೆ ತಿಳಿಸುತ್ತೇವೆ’ ಎಂದು ಬರೆದರೆ, 22ರವರೆಗೆ ಯಾರೂ ಯಾರಿಗೂ ಫೋನ್ ಮಾಡಬೇಕಾಗಿಲ್ಲ.